ಊಟಕ್ಕೆ ಕರೆದವರ ಮನೆಗೆ ಯಾವ ವೈನ್?

ಬೆಂಗಳೂರಿನಲ್ಲಿ ಸಹೋದ್ಯೋಗಿಯೊಬ್ಬರು ಶನಿವಾರ ರಾತ್ರಿ ಊಟಕ್ಕೆ ಕರೆದಿದ್ದಾರೆ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ವೈನ್ ಕುಡಿಯುವವರು, ಮಂಗಳೂರು ಕಡೆಯವರು. ಕೋರಿ ರೊಟ್ಟಿ, ಮೀನು ಮಾಡುತ್ತಾರಂತೆ. ನಿಮಗೆ ವೈನಿನ ಬಗ್ಗೆ ಗೊತ್ತಿರುವುದು ಅದರಲ್ಲಿ ಕೆಂಪು, ಬಿಳಿ ಎಂಬ ಎರಡು ಬಗೆಗಳಿವೆ ಎನ್ನುವಷ್ಟೇ. ಖರ್ಚಿಗೆ ಸಾವಿರದಿಂದ ಸಾವಿರದೈನೂರು ರೂಪಾಯಿ ಎತ್ತಿಟ್ಟಿದ್ದೀರಿ.

ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಹೋಗುವುದು ಕೆಂಪು ವೈನಿನತ್ತ. ನೋಡಲು ಗಂಭೀರ, ಉಡುಗೊರೆಗೆ ಲಕ್ಷಣ ಎಂಬ ಭಾವನೆ. ಆದರೆ ಆ ಮನೆಯ ಅಡುಗೆಗೆ ಅದೇ ಎಲ್ಲಕ್ಕಿಂತ ಕಷ್ಟದ ಆಯ್ಕೆ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆಯೊಂದಿಗೇ ಹುದುಗಿಸುತ್ತಾರೆ. ಸಿಪ್ಪೆ, ಬೀಜಗಳಿಂದ ಟ್ಯಾನಿನ್ ಎಂಬ ಅಂಶ ರಸಕ್ಕೆ ಇಳಿಯುತ್ತದೆ. ಎಳೆ ಅಡಿಕೆ ಅಗಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ಲ, ಅದೇ ಜಾತಿಯ ಒಗರು ಇದು. ಬ್ಯಾಡಗಿ ಮೆಣಸಿನ ಮಸಾಲೆ ತಿಂದು ಉರಿಯುವ ನಾಲಿಗೆಯ ಮೇಲೆ ಈ ಒಗರು ಬಿದ್ದರೆ ವೈನ್ ಕಹಿಯಾಗುತ್ತದೆ, ಖಾರ ಇನ್ನಷ್ಟು ಏರುತ್ತದೆ. ವೈನಿನಲ್ಲಿ ಮದ್ಯಸಾರದ ಪ್ರಮಾಣ ಹೆಚ್ಚಿದ್ದಷ್ಟೂ ಉರಿಯೂ ಹೆಚ್ಚು. ಕ್ಯಾಬರ್ನೆ ಸೊವಿನ್ಯೋನ್ ಎಂದು ಬರೆದ ಬಾಟಲಿಯಲ್ಲಿ ಒಗರು ಸಾಮಾನ್ಯವಾಗಿ ಜೋರಾಗಿಯೇ ಇರುತ್ತದೆ.

ಖಾರಕ್ಕೂ ಮೀನಿಗೂ ಹೊಂದುವುದು ತಣ್ಣಗಿನ, ಹುಳಿ ಚುರುಕಾಗಿರುವ, ತುಸು ಸಿಹಿಯ ಛಾಯೆ ಇರುವ ಬಿಳಿ ವೈನ್. ಲೇಬಲ್ಲಿನ ಮೇಲೆ ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್ ಎಂಬ ದ್ರಾಕ್ಷಿಯ ಹೆಸರು ಹುಡುಕಿ. ಇವೆರಡನ್ನೂ ನಾಸಿಕ್‌ನ ಸುಲಾ ತಯಾರಿಸುತ್ತದೆ, ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತವೆ. ಇನ್ನೊಂದು ದಾರಿ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್. ಊಟಕ್ಕೆ ಮೊದಲೇ ತೆರೆಯಬಹುದು, ಮನೆಗೆ ಸಂಭ್ರಮ ಬರುತ್ತದೆ, ಕರಿದ ತಿಂಡಿಯ ಜಿಡ್ಡನ್ನೂ ಕತ್ತರಿಸುತ್ತದೆ. ಅದರ ಮೇಲೆ ಬ್ರೂಟ್ ಎಂದಿದ್ದರೆ ಸಿಹಿ ಬಹಳ ಕಡಿಮೆ, ಡೆಮಿ ಸೆಕ್ ಎಂದಿದ್ದರೆ ಚೆನ್ನಾಗಿಯೇ ಸಿಹಿ. ಬಿರಿಯಾನಿ, ಮಟನ್ ಮಾಡುವ ಮನೆಯಾಗಿ ಅವರಿಗೆ ಕೆಂಪೇ ಇಷ್ಟ ಎಂದು ಗೊತ್ತಿದ್ದರೆ ಶಿರಾಜ್ ನೋಡಬಹುದು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದ ಲಾ ರಿಸರ್ವ್ ಶಿರಾಜ್ ಮತ್ತು ಕ್ಯಾಬರ್ನೆ ಬೆರೆಸಿದ ಕೆಂಪು ವೈನ್; ವೈನ್ ಬಲ್ಲವರ ಮನೆಯಲ್ಲಿ ಅದನ್ನು ಗುರುತಿಸುತ್ತಾರೆ.

ಹಾಗಾದರೆ ಫ್ರಾನ್ಸಿನದೋ ಇಟಲಿಯದೋ ಒಂದು ಬಾಟಲಿ ಒಯ್ದರೆ ಗೌರವ ಹೆಚ್ಚಲ್ಲವೇ? ನನ್ನ ಪ್ರಕಾರ ಈ ಬಜೆಟ್‌ನಲ್ಲಿ ಅಲ್ಲ. ಆಮದು ವೈನಿನ ಮೇಲೆ ಭಾರತ ಬಹುಕಾಲ ಶೇಕಡಾ 150ರಷ್ಟು ಸುಂಕ ಹಾಕುತ್ತ ಬಂದಿದೆ. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದದಿಂದ 2022ರ ಕೊನೆಯಲ್ಲಿ ಅಲ್ಲಿನ ಸ್ವಲ್ಪ ದುಬಾರಿ ಬಾಟಲಿಗಳಿಗೆ ಅದು ಇಳಿಯತೊಡಗಿತು. ಸುಂಕದ ಮೇಲೆ ರಾಜ್ಯದ ತೆರಿಗೆ, ಸಾಗಣೆ, ಮಾರುವವರ ಲಾಭ ಸೇರುತ್ತವೆ. ಹೀಗಾಗಿ ಸಾವಿರ ಚಿಲ್ಲರೆ ರೂಪಾಯಿಗೆ ಸಿಗುವ ವಿದೇಶಿ ಬಾಟಲಿ ತನ್ನ ಊರಿನಲ್ಲಿ ದಿನಬಳಕೆಯ ಅಗ್ಗದ ವೈನಾಗಿರುತ್ತದೆ. ಅಷ್ಟೇ ಹಣಕ್ಕೆ ಇಲ್ಲಿನ ಕಂಪನಿಯೊಂದರ ಒಳ್ಳೆಯ ಸಾಲಿನ ವೈನ್ ಬರುತ್ತದೆ.

ಇಲ್ಲಿನದರಲ್ಲೂ ಒಂದನ್ನು ಬಿಡಿ. ಪೋರ್ಟ್ ಎಂದು ಬರೆದುಕೊಂಡು ಬರುವ ಅಗ್ಗದ ಸಿಹಿ ವೈನ್‌ಗಳು ಉಡುಗೊರೆಗೆ ಸಲ್ಲವು. ಅಂಥವಕ್ಕೆ ಹೆಚ್ಚಾಗಿ ಬಳಸುವುದು ಬೆಂಗಳೂರು ಬ್ಲೂನಂಥ ದ್ರಾಕ್ಷಿ. ಆ ಹಣ್ಣಿಗೆ 2013ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ತಿನ್ನಲು, ಜ್ಯೂಸಿಗೆ ಬಹಳ ಸೊಗಸು. ಆದರೆ ಅದರ ಘಾಟು ಪರಿಮಳ ವೈನಿನಲ್ಲಿ ಬೇರೆಲ್ಲವನ್ನೂ ಮುಚ್ಚಿಹಾಕುತ್ತದೆ.

ಈಗ ಅಂಗಡಿ. ನಮ್ಮ ವೈನ್ ಶಾಪ್‌ಗಳಲ್ಲಿ ಬ್ರಾಂದಿ, ವಿಸ್ಕಿ, ಬಿಯರ್ ರಾಶಿ ರಾಶಿ. ವೈನ್ ಮಾತ್ರ ಮೇಲಿನ ಶೆಲ್ಫಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ತಿಂಗಳುಗಟ್ಟಲೆ ಧೂಳು ತಿನ್ನುತ್ತ ನಿಂತಿರುತ್ತದೆ. ಯಾವ ಬ್ರ್ಯಾಂಡ್ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇದೇ. ವಿಸ್ಕಿಗೆ ಸೆಕೆ ಅಷ್ಟಾಗಿ ತಾಗದು, ವೈನಿಗೆ ತಾಗುತ್ತದೆ. ವಾರಗಟ್ಟಲೆ ಮೂವತ್ತು ಡಿಗ್ರಿ ದಾಟಿದ ಕೋಣೆಯಲ್ಲಿದ್ದರೆ ಹಣ್ಣಿನ ಪರಿಮಳ ಸತ್ತು, ಬೇಯಿಸಿದ ಜಾಮಿನ ವಾಸನೆ ಬರುತ್ತದೆ. ಆದ್ದರಿಂದ ಎಸಿ ಇರುವ, ವೈನಿಗೇ ಬೇರೆ ಕಪಾಟು ಇಟ್ಟಿರುವ, ಮಾಲು ಬೇಗ ಖರ್ಚಾಗುವ ಅಂಗಡಿಗೆ ಹೋಗಿ. ಶೆಲ್ಫಿನಲ್ಲಿರುವುದರ ಬದಲು ಫ್ರಿಜ್ಜಿನಲ್ಲಿರುವುದನ್ನೋ ಹೊಸ ಪೆಟ್ಟಿಗೆಯಿಂದಲೋ ಕೇಳಿ.

ಬಾಟಲಿ ಕೈಗೆ ಬಂದ ಮೇಲೆ ವರ್ಷ ನೋಡಿ. ವೈನ್ ಹಳೆಯದಾದಷ್ಟೂ ಉತ್ತಮ ಎಂಬ ನಂಬಿಕೆ ಕೆಲವೇ ದುಬಾರಿ ಬಾಟಲಿಗಳ ವಿಷಯದಲ್ಲಿ ಮಾತ್ರ ನಿಜ. ಈ ಬೆಲೆಯ ಬಿಳಿ ವೈನನ್ನು ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕು, ಕೆಂಪಿಗೆ ಇನ್ನೆರಡು ವರ್ಷ ಕೊಡಬಹುದು. ನಾಸಿಕ್‌ನಲ್ಲೂ ಕರ್ನಾಟಕದಲ್ಲೂ ವೈನ್ ದ್ರಾಕ್ಷಿಯ ಮುಖ್ಯ ಕೊಯ್ಲು ವರ್ಷದ ಮೊದಲ ತಿಂಗಳುಗಳಲ್ಲೇ ನಡೆಯುತ್ತದೆ. ಹಾಗಾಗಿ ಅದೇ ವರ್ಷದ ಬಿಳಿ ವೈನ್ ದೀಪಾವಳಿಯ ಹೊತ್ತಿಗೆ ಅಂಗಡಿಯಲ್ಲಿದ್ದರೆ ಅಚ್ಚರಿಯಿಲ್ಲ, ಕಣ್ಣುಮುಚ್ಚಿ ಕೊಳ್ಳಬಹುದು. ನೊರೆಯ ವೈನ್‌ಗಳ ಮೇಲೆ ಬಹುಪಾಲು ವರ್ಷ ಇರುವುದೇ ಇಲ್ಲ. ಅಲ್ಲಿ ತುಂಬಿಸಿದ ದಿನಾಂಕ ಹುಡುಕಿ.

ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಬಿಳಿ ವೈನ್ ತೆಳು ಹುಲ್ಲಿನ ಬಣ್ಣಕ್ಕೆ ಬದಲು ಜೇನುತುಪ್ಪದ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಒಳಸೇರಿದೆ ಎಂದೇ ಅರ್ಥ. ಕಾರ್ಕ್ ಇದ್ದರೆ ಮೇಲಿನ ಹೊದಿಕೆ ಉಬ್ಬಿದೆಯೇ, ಕುತ್ತಿಗೆಯಲ್ಲಿ ಅಂಟು ಕಲೆ ಇದೆಯೇ, ಪಕ್ಕದ ಬಾಟಲಿಗಳಿಗಿಂತ ವೈನ್ ಕೆಳಗಿದೆಯೇ ನೋಡಿ. ಸೆಕೆಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳಿದಾಗ ಆಗುವುದು ಇದೇ. ತಿರುಪು ಮುಚ್ಚಳದ ಬಾಟಲಿ ಎಂದರೆ ಕೀಳು ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ಬೇಗ ಕುಡಿಯುವ ಬಿಳಿ ವೈನಿಗೆ ಅದು ಕಾರ್ಕಿಗಿಂತ ಭದ್ರ. ಕೆಟ್ಟ ಕಾರ್ಕಿನಿಂದ ಬರುವ ಒದ್ದೆ ರಟ್ಟಿನ ವಾಸನೆಯ ಭಯವೂ ಇರುವುದಿಲ್ಲ. ಕಾರ್ಕ್ ತೆಗೆಯುವ ಸಾಧನ ಎಷ್ಟೋ ಮನೆಗಳಲ್ಲಿ ಇರುವುದೇ ಇಲ್ಲ, ರಾತ್ರಿ ಒಂಬತ್ತಕ್ಕೆ ಅದನ್ನು ಹುಡುಕುವ ಫಜೀತಿ ಬೇರೆ.

ಎಷ್ಟು ಒಯ್ಯಬೇಕು ಎನ್ನುವುದಕ್ಕೆ ಲೆಕ್ಕ ಸುಲಭ. 750 ಮಿಲಿ ಬಾಟಲಿಯಲ್ಲಿ ಐದು ಗ್ಲಾಸ್ ಬರುತ್ತದೆ. ನಾಲ್ಕು ಜನರ ಊಟಕ್ಕೆ ಒಂದು ಸಾಕು, ಎಂಟು ಜನರಿದ್ದರೆ ಒಂದು ಬಾಟಲಿಯನ್ನು ಉಡುಗೊರೆ ಎಂದಷ್ಟೇ ತಿಳಿದು ಕೊಡಿ.

ಅದೇ ರಾತ್ರಿ ಕುಡಿಯಲಿ ಎಂಬ ಆಸೆಯಿದ್ದರೆ ಮನೆಯಿಂದಲೇ ತಣ್ಣಗೆ ಮಾಡಿ ಒಯ್ಯಿರಿ: ಫ್ರಿಜ್ಜಿನಲ್ಲಿ ಮೂರು ಗಂಟೆ, ಹೊತ್ತಿಲ್ಲದಿದ್ದರೆ ನೀರು ಮತ್ತು ಐಸ್ ಸಮನಾಗಿ ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ. ಕಾರಿನ ಡಿಕ್ಕಿಯಲ್ಲಿ ಬಿಟ್ಟು ಮಧ್ಯೆ ಮಾಲ್ ಸುತ್ತಬೇಡಿ. ಬಾಗಿಲಲ್ಲಿ ಕೊಡುವಾಗ, “ಇದು ತಣ್ಣಗಿದೆ, ಬೇಕಿದ್ದರೆ ಇವತ್ತೇ ತೆರೆಯಿರಿ, ಇಲ್ಲವೇ ಇಟ್ಟುಕೊಳ್ಳಿ,” ಅಂದರೆ ಅವರ ಮೇಲೆ ಹೇರಿಕೆಯಾಗದು. ಅಡುಗೆಗೆ ತಕ್ಕ ವೈನನ್ನು ಅವರು ಮೊದಲೇ ತಂದಿಟ್ಟಿರಬಹುದು. ಹಾಗಿದ್ದು ನಿಮ್ಮ ಬಾಟಲಿ ನೇರ ಕಪಾಟಿಗೆ ಹೋದರೆ ಬೇಸರಪಡಬೇಕಾಗಿಲ್ಲ. ಅತಿಥಿ ತಂದದ್ದನ್ನು ಆಗಲೇ ತೆರೆಯಲೇಬೇಕೆಂಬ ಕಟ್ಟುಪಾಡು ವೈನ್ ಬೆಳೆಯುವ ನಾಡುಗಳಲ್ಲೂ ಇಲ್ಲ.