12 ಆರ್ಡರ್, 20 ಆರ್ಡರ್: ಗೆದ್ದದ್ದು ಸಂದೇಶವೋ, ಅದೃಷ್ಟವೋ?

ಧಾರವಾಡದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಊರೂರಿಗೆ ಕೊರಿಯರ್ ಮಾಡುವ ಒಂದು ಸಣ್ಣ ವ್ಯಾಪಾರವಿದೆ ಎಂದುಕೊಳ್ಳಿ. ಅವರ ಬಳಿ 800 ಗಿರಾಕಿಗಳ ಫೋನ್ ನಂಬರುಗಳಿವೆ. ದೀಪಾವಳಿ ಹತ್ತಿರ ಬಂದಾಗ ಚೀಟಿ ಎತ್ತಿ 800 ಜನರನ್ನು ಎರಡು ಪಾಲು ಮಾಡುತ್ತಾರೆ. ಮೊದಲ 400 ಜನರಿಗೆ ‘ಹಬ್ಬದ ಬಾಕ್ಸ್ ಸಿದ್ಧವಿದೆ’ ಎಂಬ ಸಂದೇಶ ಹೋಗುತ್ತದೆ. ಉಳಿದ 400 ಜನರಿಗೆ ಅದೇ ಸಂದೇಶ, ಅದೇ ಹೊತ್ತಿಗೆ, ಆದರೆ ‘ಕೊರಿಯರ್ ಖರ್ಚು ನಮ್ಮದು’ ಎಂಬ ಸಾಲು ಸೇರಿಕೊಂಡು ಹೋಗುತ್ತದೆ. ವಾರ ಕಳೆದ ಮೇಲೆ ಲೆಕ್ಕ ನೋಡಿದರೆ ಮೊದಲ ಗುಂಪಿನಲ್ಲಿ 12 ಜನ ಕೊಂಡಿದ್ದಾರೆ, ಎರಡನೆಯದರಲ್ಲಿ 20 ಜನ.

ಈ ಲೆಕ್ಕ ವರದಿಯ ಹಾಳೆಗೆ ಬರುವಾಗ ‘ಉಚಿತ ಕೊರಿಯರ್‌ನಿಂದ ಮಾರಾಟ ಶೇ. 67 ಏರಿಕೆ’ ಎಂದಾಗುತ್ತದೆ. ಗಣಿತದಲ್ಲಿ ತಪ್ಪಿಲ್ಲ, 12ಕ್ಕಿಂತ 20 ಅಷ್ಟೇ ಹೆಚ್ಚು. ಆದರೆ ಆ ಶೇಕಡಾ ಚಿಹ್ನೆಯ ಹಿಂದೆ ಇರುವುದು ಬರೀ ಎಂಟು ಜನ ಎಂಬುದು ಓದುವವರಿಗೆ ಕಾಣುವುದೇ ಇಲ್ಲ. ಸಣ್ಣ ಸಂಖ್ಯೆಗಳ ವರದಿಯಲ್ಲಿ ಶೇಕಡಾವಾರು ಮಾತ್ರ ಬರೆದು, ಎಷ್ಟು ಜನರಲ್ಲಿ ಎಷ್ಟು ಜನ ಎಂದು ಬರೆಯದಿದ್ದರೆ ಆ ವರದಿಯನ್ನು ವಾಪಸ್ ಕಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಒಂದು ಪ್ರಶ್ನೆ ಹಾಕಿಕೊಳ್ಳೋಣ. ಉಚಿತ ಕೊರಿಯರ್ ಎಂಬ ಸಾಲಿನಿಂದ ಏನೂ ಆಗಿಲ್ಲ, ಆ 32 ಜನ ಹೇಗೂ ಕೊಳ್ಳುವವರೇ ಆಗಿದ್ದರು ಎಂದು ಭಾವಿಸಿ. ಆಗ ಒಬ್ಬೊಬ್ಬರೂ ಯಾವ ಪಟ್ಟಿಗೆ ಬಿದ್ದರು ಎಂಬುದು ನಾಣ್ಯ ಚಿಮ್ಮಿದ ಹಾಗೆ. 32 ಸಲ ನಾಣ್ಯ ಚಿಮ್ಮಿದರೆ ಸರಿಯಾಗಿ 16–16 ಬರುವುದು ಅಪರೂಪ. ಹಾಗಾದರೆ 20–12ರಷ್ಟು, ಅಥವಾ ಅದಕ್ಕಿಂತ ಹೆಚ್ಚು, ಯಾವುದಾದರೂ ಒಂದು ಕಡೆಗೆ ವಾಲುವುದು ಎಷ್ಟು ಸಲ? ಲೆಕ್ಕ ಹಾಕಿದರೆ 100ರಲ್ಲಿ ಸುಮಾರು 21 ಸಲ. ಅಂದರೆ ಸಂದೇಶಕ್ಕೆ ಯಾವ ಶಕ್ತಿಯೂ ಇಲ್ಲದಿದ್ದರೂ ಐದು ಪ್ರಯೋಗಗಳಲ್ಲಿ ಒಂದು ಇಂಥ ‘ಗೆಲುವು’ ತೋರಿಸುತ್ತದೆ.

ಈ 0.21 ಎಂಬ ಸಂಖ್ಯೆಯೇ ಪಿ-ವ್ಯಾಲ್ಯೂ. ಅದು 0.05ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ‘ಸಿಗ್ನಿಫಿಕೆಂಟ್’ ಎನ್ನುವುದು ರೂಢಿ. ಈ ಗೆರೆಯನ್ನು ಜನಪ್ರಿಯ ಮಾಡಿದ್ದು ಇಂಗ್ಲೆಂಡಿನ ರೊನಾಲ್ಡ್ ಫಿಷರ್, 1925ರ ತಮ್ಮ ಪುಸ್ತಕದಲ್ಲಿ. ಇಪ್ಪತ್ತರಲ್ಲಿ ಒಂದು ಎಂಬುದು ಅನುಕೂಲಕ್ಕೆ ಆರಿಸಿಕೊಂಡ ಗಡಿಯೇ ಹೊರತು ಪ್ರಕೃತಿ ಎಳೆದ ಗೆರೆಯಲ್ಲ. ಇಂಟರ್ನೆಟ್ಟಿನ ಕ್ಯಾಲ್ಕ್ಯುಲೇಟರಿಗೆ ನಮ್ಮ ಅಂಕಿಗಳನ್ನು ಕೊಟ್ಟರೆ ಕೆಲವು 0.15 ಎನ್ನುತ್ತವೆ, ಅವು ಬಳಸುವ ಅಂದಾಜಿನ ಸೂತ್ರ ಬೇರೆ, ಸಂಖ್ಯೆ ಸಣ್ಣದಾದಷ್ಟೂ ಈ ಸೂತ್ರಗಳ ನಡುವೆ ಅಂತರ ಹೆಚ್ಚು. ಎರಡರಲ್ಲಿ ಯಾವುದನ್ನು ನಂಬಿದರೂ ನಮ್ಮ ಫಲಿತಾಂಶ ಗೆರೆ ದಾಟುವುದಿಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. ಪಿ-ವ್ಯಾಲ್ಯೂ 0.21 ಎಂದರೆ ಎರಡನೆಯ ಸಂದೇಶ ಉತ್ತಮವಾಗಿರುವ ಸಾಧ್ಯತೆ ಶೇ. 79 ಎಂದು ಓದುತ್ತಾರೆ. ಅದು ತಪ್ಪು. ಸಂದೇಶದಲ್ಲಿ ಏನೂ ಇಲ್ಲ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ ಅದು. ಸಂದೇಶದಲ್ಲಿ ಏನಾದರೂ ಇದೆಯೇ ಎಂಬ ಸಾಧ್ಯತೆಯನ್ನು ಅದು ಹೇಳಲಾರದು. ಇನ್ನು ಕೆಲವರು ‘ಸಿಗ್ನಿಫಿಕೆಂಟ್ ಅಲ್ಲ, ಹಾಗಾದರೆ ಎರಡೂ ಒಂದೇ’ ಎಂದು ಕಡತ ಮುಚ್ಚುತ್ತಾರೆ. ಇದು ಇನ್ನೂ ದುಬಾರಿ ತಪ್ಪು, ಏಕೆಂದರೆ ನಿಜವಾಗಿ ಕೆಲಸ ಮಾಡುತ್ತಿದ್ದ ಯೋಜನೆಯೊಂದು ಅಲ್ಲಿಗೇ ಸಾಯುತ್ತದೆ.

ಹೌದು–ಅಲ್ಲ ಎಂಬ ತೀರ್ಪಿಗಿಂತ ಹೆಚ್ಚು ಹೇಳುವುದು ಕಾನ್ಫಿಡೆನ್ಸ್ ಇಂಟರ್ವಲ್. ಪೋಲೆಂಡ್ ಮೂಲದ ಗಣಿತಜ್ಞ ಯೆರ್ಜಿ ನೇಮನ್ 1937ರಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಒಂದೇ ಅಂಕಿ ಕೊಡುವ ಬದಲು, ಸಿಕ್ಕ ಮಾಹಿತಿಗೆ ಹೊಂದುವ ಎಲ್ಲ ಉತ್ತರಗಳ ಹರವನ್ನು ಕೊಡುವುದು ಇದರ ಕ್ರಮ. ನಮ್ಮ ಮೊದಲ ಗುಂಪಿನಲ್ಲಿ ನೂರಕ್ಕೆ 3 ಜನ ಕೊಂಡರು, ಎರಡನೆಯದರಲ್ಲಿ 5 ಜನ; ವ್ಯತ್ಯಾಸ ನೂರಕ್ಕೆ 2. ಈ ವ್ಯತ್ಯಾಸದ ಶೇ. 95ರ ಇಂಟರ್ವಲ್ ಲೆಕ್ಕ ಹಾಕಿದರೆ ನೂರಕ್ಕೆ 0.7 ಜನ ಕಡಿಮೆ ಎಂಬಲ್ಲಿಂದ ನೂರಕ್ಕೆ 4.7 ಜನ ಹೆಚ್ಚು ಎಂಬಲ್ಲಿಯವರೆಗೆ ಹರಡಿಕೊಳ್ಳುತ್ತದೆ. ಶೇ. 95 ಎಂದರೆ, ಇದೇ ಕ್ರಮದಲ್ಲಿ ಮತ್ತೆ ಮತ್ತೆ ಪ್ರಯೋಗ ಮಾಡಿ ಇಂಟರ್ವಲ್ ಕಟ್ಟುತ್ತಾ ಹೋದರೆ ನೂರರಲ್ಲಿ ಸುಮಾರು 95 ಸಲ ನಿಜವಾದ ವ್ಯತ್ಯಾಸ ಅದರೊಳಗೆ ಸಿಕ್ಕಿರುತ್ತದೆ.

ಹರವಿನೊಳಗೆ ಸೊನ್ನೆ ಇದೆ, ಆದ್ದರಿಂದ ಫಲಿತಾಂಶ ಸಿಗ್ನಿಫಿಕೆಂಟ್ ಅಲ್ಲ. ಆದರೆ ಆ ಹರವಿನ ಬಹುಪಾಲು ಸೊನ್ನೆಯ ಮೇಲಿದೆ ಎಂಬುದನ್ನೂ ನೋಡಿ. ಉಚಿತ ಕೊರಿಯರ್‌ನಿಂದ ಸ್ವಲ್ಪ ನಷ್ಟವೂ ಆಗಿರಬಹುದು, ಆರ್ಡರ್ ದುಪ್ಪಟ್ಟಿಗಿಂತ ಹೆಚ್ಚೂ ಆಗಿರಬಹುದು. ಈ ಪ್ರಯೋಗದಿಂದ ನಮಗೆ ತಿಳಿದದ್ದು ಇಷ್ಟೇ, ಮತ್ತು ಇಷ್ಟು ತಿಳಿಯುವುದೂ ‘ಶೇ. 67’ ಎಂಬ ಒಂಟಿ ಅಂಕಿಗಿಂತ ಎಷ್ಟೋ ಪ್ರಾಮಾಣಿಕ.

ಕ್ಯಾಲ್ಕ್ಯುಲೇಟರ್ ಕೈಗೆ ಸಿಗದ ಮೀಟಿಂಗಿನಲ್ಲಿ ಒಂದು ಕಚ್ಚಾ ಲೆಕ್ಕ ನೆರವಾಗುತ್ತದೆ. ಎರಡು ಗುಂಪುಗಳೂ ಸಮವಾಗಿದ್ದು ಕೊಂಡವರ ಪ್ರಮಾಣ ನೂರಕ್ಕೆ ನಾಲ್ಕಾರು ಮಾತ್ರ ಇದ್ದರೆ, ಎರಡೂ ಕಡೆಯ ಆರ್ಡರುಗಳನ್ನು ಕೂಡಿಸಿ ಅದರ ವರ್ಗಮೂಲ ತೆಗೆಯಿರಿ, ದುಪ್ಪಟ್ಟು ಮಾಡಿ. ಆರ್ಡರುಗಳ ವ್ಯತ್ಯಾಸ ಅದನ್ನು ಮೀರಿದರೆ ಗೆರೆ ದಾಟಿತು ಎಂದು ಅರ್ಥ. ಇಲ್ಲಿ ಒಟ್ಟು 32, ವರ್ಗಮೂಲ 5.7ರ ಆಸುಪಾಸು, ದುಪ್ಪಟ್ಟು 11ಕ್ಕಿಂತ ಸ್ವಲ್ಪ ಹೆಚ್ಚು. ವ್ಯತ್ಯಾಸ ಬರೀ 8. ಸಂದೇಶವನ್ನು ಎಷ್ಟು ಜನರಿಗೆ ಕಳಿಸಿದೆವು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ಲಕ್ಷ ಜನರಿಗೆ ಕಳಿಸಿ 32 ಆರ್ಡರ್ ಬಂದಿದ್ದರೂ ನಮ್ಮ ಕೈಯಲ್ಲಿರುವ ಮಾಹಿತಿ 32 ಆರ್ಡರಿನಷ್ಟೇ.

ಆರ್ಡರ್ ಇನ್ನೂ ಕಡಿಮೆಯಾದಾಗ ಮಾಮೂಲಿ ಸೂತ್ರಗಳೇ ಕೈಕೊಡುತ್ತವೆ. ಜಾಹೀರಾತಿನಿಂದ ಬಂದ 60 ಜನರಲ್ಲಿ 2 ಜನ ಕೊಂಡರೆ ಪಠ್ಯಪುಸ್ತಕದ ಸರಳ ಸೂತ್ರ ಸೊನ್ನೆಗಿಂತ ಕೆಳಗಿನ ಗಡಿಯನ್ನು ತೋರಿಸುತ್ತದೆ, ಅಂದರೆ ಕೊಂಡವರ ಸಂಖ್ಯೆ ಋಣ! ಇಂಥಲ್ಲಿ 1927ರಲ್ಲಿ ಎಡ್ವಿನ್ ವಿಲ್ಸನ್ ಕೊಟ್ಟ ಸೂತ್ರ ಬಳಸಬೇಕು. ಅದು ನೂರಕ್ಕೆ 0.9ರಿಂದ 11.4 ಎಂಬ ಒಪ್ಪುವ ಹರವು ಕೊಡುತ್ತದೆ. 60 ಜನರಲ್ಲಿ ಒಬ್ಬರೂ ಕೊಳ್ಳದಿದ್ದರೆ 3ನ್ನು 60ರಿಂದ ಭಾಗಿಸಿ. ಉತ್ತರ ಶೇ. 5. ನಿಜವಾದ ಪ್ರಮಾಣ ಶೇ. 5ರವರೆಗೂ ಇದ್ದಿರಬಹುದು, ಹಾಗಾಗಿ 60 ಜನರ ಮೇಲೆ ಒಂದು ಜಾಹೀರಾತನ್ನು ‘ಸತ್ತಿದೆ’ ಎಂದು ನಿಲ್ಲಿಸುವುದು ಆತುರ.

ಸಣ್ಣ ಪ್ರಯೋಗದಲ್ಲಿ ಇನ್ನೂ ಒಂದು ಅಪಾಯವಿದೆ. ಅದು ಗೆದ್ದಾಗಲೇ ಎದುರಾಗುತ್ತದೆ. 400–400ರ ಪ್ರಯೋಗದಲ್ಲಿ ಒಂದು ಕಡೆ 12 ಇದ್ದರೆ ಇನ್ನೊಂದು ಕಡೆ 24ರ ಹತ್ತಿರ ಬಂದರೆ ಮಾತ್ರ ಗೆರೆ ದಾಟುತ್ತದೆ. ನಿಜವಾದ ಪರಿಣಾಮ ಮೂರಕ್ಕೆ ಐದೇ ಇರಲಿ; ಆದರೂ ನಮ್ಮ ಕಣ್ಣಿಗೆ ಸಿಗ್ನಿಫಿಕೆಂಟ್ ಆಗಿ ಕಾಣುವುದು ಅದೃಷ್ಟವೂ ಜೊತೆಗೂಡಿ ದುಪ್ಪಟ್ಟು ತೋರಿದಾಗ ಮಾತ್ರ. ಅದೇ ದುಪ್ಪಟ್ಟನ್ನು ನಂಬಿ ಮುಂದಿನ ತಿಂಗಳ ಬಜೆಟ್ ಮಾಡಿದರೆ ನಿರಾಸೆ ಖಂಡಿತ. ಮೊದಲ ಸಲ ಅಮೋಘವಾಗಿ ಗೆದ್ದ ಜಾಹೀರಾತು ಎರಡನೇ ಸಲ ಮಂಕಾಗುವುದಕ್ಕೆ ‘ಜನರಿಗೆ ಬೇಸರ ಬಂದಿದೆ’ ಎಂದು ಕಾರಣ ಹುಡುಕುತ್ತೇವೆ. ಎಷ್ಟೋ ಸಲ ಮೊದಲ ಅಂಕಿಯೇ ಉಬ್ಬಿದ್ದಾಗಿರುತ್ತದೆ.

ದಿನವೂ ಇಣುಕಿ ನೋಡುವ ಅಭ್ಯಾಸ ಇದನ್ನು ಹೆಚ್ಚಿಸುತ್ತದೆ. ಫಲಿತಾಂಶವನ್ನು ಐದು ಸಲ ನೋಡಿ, ಗೆರೆ ದಾಟಿದ ಕೂಡಲೇ ಪ್ರಯೋಗ ನಿಲ್ಲಿಸಿದರೆ, ಏನೂ ಇಲ್ಲದಲ್ಲಿ ಗೆಲುವು ಕಾಣುವ ಸಾಧ್ಯತೆ ನೂರಕ್ಕೆ 5 ಇದ್ದದ್ದು 14ಕ್ಕೆ ಏರುತ್ತದೆ. ಹತ್ತು ಸಲ ನೋಡಿದರೆ 19ಕ್ಕೆ. ಜಿಲ್ಲೆವಾರು, ವಯಸ್ಸುವಾರು ಒಡೆದು ಹುಡುಕಿದರೂ ಆಗುವುದು ಇದೇ.

ಹಾಗಾದರೆ ಎಷ್ಟು ಜನ ಬೇಕು? ಮೂರಕ್ಕೂ ಐದಕ್ಕೂ ಇರುವ ನಿಜವಾದ ವ್ಯತ್ಯಾಸವನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕಾದರೆ ಗುಂಪಿಗೆ ಸುಮಾರು 1,500 ಜನ ಬೇಕು. ಮೂರಕ್ಕೂ ಮೂರೂವರೆಗೂ ಇರುವ ವ್ಯತ್ಯಾಸ ಹಿಡಿಯಲು ಗುಂಪಿಗೆ ಸುಮಾರು 20,000. ನಮ್ಮ ರೊಟ್ಟಿ ವ್ಯಾಪಾರಿಗಳ ಬಳಿ ಇರುವುದು ಒಟ್ಟು 800. ಆದ್ದರಿಂದ ಅವರು ಪದಗಳ ಸಣ್ಣ ತಿದ್ದುಪಡಿಗಳನ್ನು ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಬೆಲೆ, ಬಾಕ್ಸಿನ ಗಾತ್ರ, ಕೊರಿಯರ್ ಖರ್ಚಿನಂಥ ದೊಡ್ಡ ಬದಲಾವಣೆಗಳನ್ನೇ ಪರೀಕ್ಷಿಸಬೇಕು. ಮೂರು ಹಬ್ಬಗಳಲ್ಲಿ ಇದೇ ಪ್ರಯೋಗ ಮಾಡುತ್ತೇವೆ, ಮೂರೂ ಮುಗಿದ ಮೇಲೆಯೇ ಕೂಡಿಸಿ ನೋಡುತ್ತೇವೆ ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಇನ್ನೊಂದು ದಾರಿ. ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಬೇಕು. ಒಂದೇ ಮನೆಯಿಂದ ಮೂರು ಆರ್ಡರ್ ಬಂದರೆ ಒಂದು ಎಂದೇ ಎಣಿಸಬೇಕು.

ಹಾಗೆ ಮೂರು ಹಬ್ಬ ಕಳೆದು, 1,200–1,200 ಸಂದೇಶಗಳಿಗೆ 37 ಮತ್ತು 63 ಆರ್ಡರ್ ಬಂದವು ಎಂದುಕೊಳ್ಳೋಣ. ಒಟ್ಟು 100, ವರ್ಗಮೂಲ 10, ದುಪ್ಪಟ್ಟು 20, ವ್ಯತ್ಯಾಸ 26. ಗೆರೆ ದಾಟಿತು. ವ್ಯತ್ಯಾಸದ ಇಂಟರ್ವಲ್ ನೂರಕ್ಕೆ 0.6ರಿಂದ 3.8, ಸೊನ್ನೆ ಹೊರಗುಳಿಯಿತು. (ಮೂರೂ ಸಲ ಅದೇ ಗಿರಾಕಿಗಳಿರುವುದರಿಂದ ನಿಜವಾದ ಹರವು ಇದಕ್ಕಿಂತ ತುಸು ಅಗಲ ಇದ್ದೀತು.) ಉಚಿತ ಕೊರಿಯರ್ ಆರ್ಡರ್ ತರುತ್ತದೆ ಎಂದು ಈಗ ಧೈರ್ಯವಾಗಿ ಹೇಳಬಹುದು.

ಆದರೆ ಅದರಿಂದ ಲಾಭವೂ ಹೆಚ್ಚುತ್ತದೆಯೇ? ಒಂದು ಬಾಕ್ಸಿಗೆ ಲಾಭ 200 ರೂಪಾಯಿ, ಕೊರಿಯರ್ 60 ರೂಪಾಯಿ ಎಂದಿಟ್ಟುಕೊಳ್ಳಿ. ಖರ್ಚು ತಾವೇ ಹೊತ್ತರೆ ಬಾಕ್ಸಿಗೆ ಉಳಿಯುವುದು 140. ಮೊದಲಿನಷ್ಟೇ ಲಾಭ ಕೈಗೆ ಬರಬೇಕಾದರೂ ನೂರಕ್ಕೆ 1.3 ಜನವಾದರೂ ಹೆಚ್ಚು ಕೊಳ್ಳಬೇಕು. ಆ 1.3 ನಮ್ಮ ಹರವಿನ ಒಳಗೇ ಇದೆ. ಹಾಗಾಗಿ ನಿಜವಾದ ಹೆಚ್ಚಳ 0.8 ಇದ್ದರೆ ಆರ್ಡರ್ ಜಾಸ್ತಿಯಾಗಿಯೂ ಲಾಭ ಕಡಿಮೆ. 3 ಇದ್ದರೆ ಒಳ್ಳೆಯ ಲಾಭ. ಸೊನ್ನೆಯ ಜೊತೆಗೆ ಹೋಲಿಸಿದಾಗ ಬಗೆಹರಿದ ಪ್ರಶ್ನೆ 1.3ರ ಜೊತೆಗೆ ಹೋಲಿಸಿದಾಗ ಬಗೆಹರಿದಿಲ್ಲ. ಇಂಥಲ್ಲಿ ನಾನಾದರೆ 600 ರೂಪಾಯಿಗಿಂತ ಮೇಲಿನ ಆರ್ಡರಿಗೆ ಮಾತ್ರ ಕೊರಿಯರ್ ಉಚಿತ ಎಂದು ಷರತ್ತು ಬದಲಿಸಿ, ದಾಟಬೇಕಾದ ಹೊಸ ಗಡಿ ಎಷ್ಟೆಂದು ಮೊದಲೇ ಬರೆದಿಟ್ಟು, ಮುಂದಿನ ಹಬ್ಬಕ್ಕೆ ಮತ್ತೆ ಚೀಟಿ ಎತ್ತುತ್ತಿದ್ದೆ.