ಕಾರಿನ ಕಣ್ಣಿಗೆ ಮಣ್ಣೆರಚುವ ಸ್ಟಿಕ್ಕರ್

ಅಮೆರಿಕದಲ್ಲಿ ರಸ್ತೆಗಳು ಕೂಡುವ ಹಲವು ಕಡೆ ಎಂಟು ಮೂಲೆಯ ಕೆಂಪು ಫಲಕ ಕಾಣಸಿಗುತ್ತದೆ. ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ‘ಸ್ಟಾಪ್’ ಎಂದು ಬರೆದಿರುತ್ತದೆ. ಕಾರು ಅಲ್ಲಿ ಪೂರ್ತಿ ನಿಲ್ಲಬೇಕು, ಅಡ್ಡರಸ್ತೆಯಲ್ಲಿ ಯಾರೂ ಬರುತ್ತಿಲ್ಲ ಎಂದು ನೋಡಿಕೊಂಡು ಮುಂದೆ ಹೋಗಬೇಕು. ವಾಷಿಂಗ್ಟನ್, ಮಿಷಿಗನ್, ಬರ್ಕ್ಲಿ ಮೊದಲಾದ ವಿಶ್ವವಿದ್ಯಾಲಯಗಳ ಸಂಶೋಧಕರ ತಂಡವೊಂದು ಇಂಥ ಫಲಕದ ಮೇಲೆ ಕಪ್ಪು ಮತ್ತು ಬಿಳಿ ಬಣ್ಣದ ಕೆಲವು ಆಯತಾಕಾರದ ಸ್ಟಿಕ್ಕರ್‌ಗಳನ್ನು ಅಂಟಿಸಿ, ಫಲಕ ಓದಲು ಕಲಿತಿದ್ದ ತಂತ್ರಾಂಶಕ್ಕೆ ಅದರ ಚಿತ್ರಗಳನ್ನು ತೋರಿಸಿತು. ಮನುಷ್ಯರಿಗೆ ಅದು ಯಾರೋ ಪುಂಡರು ಹಾಳುಮಾಡಿದ ಸ್ಟಾಪ್ ಫಲಕವಾಗಿಯೇ ಕಾಣುತ್ತಿತ್ತು. ತಂತ್ರಾಂಶ ಮಾತ್ರ ಅದನ್ನು ‘ವೇಗಮಿತಿ 45 ಮೈಲಿ’ ಎಂದು ಓದಿತು. ಅಂದರೆ ನಿಲ್ಲಬೇಕಾದ ಜಾಗದಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗಕ್ಕೆ ಅನುಮತಿ!

2018ರಲ್ಲಿ ಪ್ರಕಟವಾದ ಈ ಪ್ರಯೋಗ, ಕಂಪ್ಯೂಟರ್ ದೃಷ್ಟಿಯ ಒಂದು ವಿಚಿತ್ರ ದೌರ್ಬಲ್ಯವನ್ನು ಪ್ರಯೋಗಾಲಯದಿಂದ ಬೀದಿಗೆ ತಂದಿತು. ತಂತ್ರಾಂಶವನ್ನು ಬೇಕೆಂದೇ ದಾರಿ ತಪ್ಪಿಸಲು ತಿದ್ದಿದ ಇಂಥ ಚಿತ್ರಗಳನ್ನು ತಜ್ಞರು ‘ಅಡ್ವರ್ಸೇರಿಯಲ್ ಎಕ್ಸಾಂಪಲ್’ ಎನ್ನುತ್ತಾರೆ. ಸ್ವಯಂಚಾಲಿತ ಕಾರುಗಳ ಸುರಕ್ಷತೆಯ ಬಗ್ಗೆ ಇದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

ಪಾಂಡಾ ಗಿಬ್ಬನ್ ಆದದ್ದು

ಈ ದೌರ್ಬಲ್ಯ ಬೆಳಕಿಗೆ ಬಂದದ್ದು 2013ರಲ್ಲಿ, ಗೂಗಲ್‌ನ ಕ್ರಿಶ್ಚಿಯನ್ ಸೆಗೆಡಿ ಮತ್ತು ಸಂಗಡಿಗರ ಸಂಶೋಧನೆಯಿಂದ. ಮರುವರ್ಷ ಇಯಾನ್ ಗುಡ್‌ಫೆಲೋ, ಸೆಗೆಡಿ ಮತ್ತು ಇನ್ನೊಬ್ಬ ಸಹೋದ್ಯೋಗಿ ಸೇರಿ ಕೊಟ್ಟ ಉದಾಹರಣೆ ಜಗತ್ತಿನಾದ್ಯಂತ ಹೆಸರಾಯಿತು. ಪಾಂಡಾ ಚಿತ್ರವೊಂದನ್ನು ತಂತ್ರಾಂಶ ಶೇ 57.7ರಷ್ಟು ಭರವಸೆಯಿಂದ ಪಾಂಡಾ ಎಂದೇ ಗುರುತಿಸಿತ್ತು. ಆ ಚಿತ್ರದ ಪ್ರತಿ ಬಿಂದುವಿನ ಬಣ್ಣವನ್ನೂ ಕಣ್ಣಿಗೆ ಗೊತ್ತಾಗದಷ್ಟು ಬದಲಿಸಿದರು. ಈಗ ಅದೇ ತಂತ್ರಾಂಶ ಅದನ್ನು ಗಿಬ್ಬನ್ ಎಂಬ ವಾನರ ಎಂದಿತು, ಅದೂ ಶೇ 99.3ರಷ್ಟು ಭರವಸೆಯಿಂದ. ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟರೆ ನಮಗೆ ಕಾಣುವುದು ಒಂದೇ ಪಾಂಡಾ.

ಹೀಗೇಕೆ ಆಗುತ್ತದೆ? ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳ ಪಟ್ಟಿ. ಉದ್ದ ಅಗಲ ಎರಡೂ 224 ಬಿಂದುಗಳಿರುವ ಸಣ್ಣ ಚಿತ್ರದಲ್ಲಿ, ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಂತೆ, ಒಟ್ಟು 1,50,528 ಅಂಕಿಗಳಿರುತ್ತವೆ. ತಂತ್ರಾಂಶ ಇವನ್ನೆಲ್ಲ ಗುಣಿಸಿ, ಕೂಡಿ, ‘ಪಾಂಡಾ’ಕ್ಕೆ ಇಷ್ಟು ಅಂಕ, ‘ಗಿಬ್ಬನ್’ಗೆ ಇಷ್ಟು ಅಂಕ ಎಂದು ಲೆಕ್ಕ ಹಾಕುತ್ತದೆ. ಹೆಚ್ಚು ಅಂಕ ಪಡೆದದ್ದೇ ಅದರ ಉತ್ತರ.

ಒಂದು ಅಂಕಿಯನ್ನು ತುಸು ಅಲುಗಿಸಿದರೆ ಗಿಬ್ಬನ್‌ನ ಅಂಕ 0.0001ರಷ್ಟು ಏರುತ್ತದೆ ಎಂದು ಊಹಿಸಿಕೊಳ್ಳಿ. ಅದರಿಂದ ಏನೂ ಆಗದು. ಕ್ಯಾಮೆರಾದ ಧೂಳಿನಂತೆ ಎಲ್ಲ ಅಂಕಿಗಳನ್ನೂ ಗೊತ್ತುಗುರಿಯಿಲ್ಲದೆ ಅಲುಗಿಸಿದರೂ ಹೆಚ್ಚೇನೂ ಆಗದು. ಕೆಲವು ಅಂಕ ಏರಿಸುತ್ತವೆ, ಕೆಲವು ಇಳಿಸುತ್ತವೆ, ಕೊನೆಗೆ ಉಳಿಯುವ ವ್ಯತ್ಯಾಸ ಸುಮಾರು 0.04. ಆದರೆ ಯಾವ ಅಂಕಿಯನ್ನು ಏರಿಸಿದರೆ ಗಿಬ್ಬನ್‌ಗೆ ಲಾಭ, ಯಾವುದನ್ನು ಇಳಿಸಿದರೆ ಲಾಭ ಎಂದು ಮೊದಲೇ ಲೆಕ್ಕ ಹಾಕಿ, ಒಂದೂ ಬಿಡದಂತೆ ಎಲ್ಲವನ್ನೂ ಅದೇ ದಿಕ್ಕಿಗೆ ತಳ್ಳಿದರೆ ಆ ಸೊನ್ನೆಗಳೆಲ್ಲ ಕೂಡಿ 15 ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ, ಆ ವ್ಯತ್ಯಾಸದಲ್ಲಿ ಪಾಂಡಾ ಕೊಚ್ಚಿಹೋಗುತ್ತದೆ. ಯಾವ ಕಡೆ ತಳ್ಳಬೇಕೆಂಬ ಆ ಲೆಕ್ಕ ಕಷ್ಟದ್ದೇನಲ್ಲ. ತಂತ್ರಾಂಶಕ್ಕೆ ಪಾಠ ಕಲಿಸುವಾಗ ಬಳಸುವ ಗಣಿತವನ್ನೇ ತಿರುಗಿಸಿ ಬಳಸಿದರೆ ಸಾಕು.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಧೂಳು, ಮಂಜು, ಮಳೆ ತರುವ ತೊಂದರೆ ಬೇರೆ. ಎದುರಾಳಿಯೊಬ್ಬ ಲೆಕ್ಕ ಹಾಕಿ ತರುವ ತೊಂದರೆ ಬೇರೆ. ಮೊದಲನೆಯದನ್ನು ತಾಳಿಕೊಳ್ಳುವ ತಂತ್ರಾಂಶ ಎರಡನೆಯದರ ಮುಂದೆ ಮಕಾಡೆ ಬೀಳಬಹುದು.

ಫಲಕದ ಮೇಲಿನ ಕರಾಮತ್ತು

ಪಾಂಡಾ ಪ್ರಯೋಗ ನಡೆದದ್ದು ಕಂಪ್ಯೂಟರಿನೊಳಗೆ. ರಸ್ತೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ದೂರ ಬದಲಾಗುತ್ತದೆ, ಕೋನ ಬದಲಾಗುತ್ತದೆ, ಬಿಸಿಲು ನೆರಳು ಬದಲಾಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆಯನ್ನು ಕ್ಯಾಮೆರಾವೂ ಸರಿಯಾಗಿ ಹಿಡಿಯಲಾರದು. 2017ರಲ್ಲಿ ಡೇವಿಡ್ ಫೋರ್ಸೈತ್ ಮತ್ತು ಸಂಗಡಿಗರು, ಚಲಿಸುವ ಕಾರಿನಿಂದ ನೋಡಿದಾಗ ಇಂಥ ಫಲಕಗಳ ಮೋಸ ಹೆಚ್ಚಿನ ದೂರ ಮತ್ತು ಕೋನಗಳಲ್ಲಿ ಫಲಿಸುವುದಿಲ್ಲ, ಆದ್ದರಿಂದ ಚಿಂತಿಸಬೇಕಾಗಿಲ್ಲ ಎಂದು ವಾದಿಸಿದ್ದರು.

ಸ್ಟಿಕ್ಕರ್ ತಂಡ ಆ ಅಡಚಣೆಗಳನ್ನೇ ಲೆಕ್ಕದೊಳಗೆ ಸೇರಿಸಿಕೊಂಡಿತು. ಸ್ಟಾಪ್ ಫಲಕದ ಚಿತ್ರಗಳನ್ನು ಬೇರೆ ಬೇರೆ ದೂರ, ಕೋನ, ಬೆಳಕಿನಲ್ಲಿ ತೆಗೆದು, ಅವೆಲ್ಲವುಗಳಲ್ಲೂ ಒಟ್ಟಾಗಿ ಕೆಲಸ ಮಾಡುವ ಬದಲಾವಣೆ ಯಾವುದೆಂದು ಹುಡುಕಿತು. ಹಿನ್ನೆಲೆಯ ಆಕಾಶವನ್ನೋ ಮರವನ್ನೋ ಯಾರೂ ತಿದ್ದಲಾಗದು. ಹಾಗಾಗಿ ಬದಲಾವಣೆ ಫಲಕದೊಳಗೇ ಇರಬೇಕೆಂಬ ಷರತ್ತು ಹಾಕಿಕೊಂಡಿತು. ಪ್ರಿಂಟರ್ ಮುದ್ರಿಸಬಲ್ಲ ಬಣ್ಣಗಳನ್ನೇ ಬಳಸಬೇಕೆಂಬುದು ಇನ್ನೊಂದು ಷರತ್ತು. ತಂತ್ರಾಂಶ ಫಲಕದ ಯಾವ ಭಾಗವನ್ನು ಹೆಚ್ಚು ನಂಬಿದೆ ಎಂಬುದನ್ನು ಮೊದಲು ಪತ್ತೆಹಚ್ಚಿ, ಸ್ಟಿಕ್ಕರ್‌ಗಳಿಗೆ ಅಲ್ಲಿ ಜಾಗ ಗೊತ್ತುಮಾಡಿತು. ಬೀದಿಬದಿಯ ಗೀಚಾಟದಂತೆ ಕಂಡರೆ ದಾರಿಹೋಕರು ಅನುಮಾನಪಡುವುದಿಲ್ಲ ಎಂಬ ಎಣಿಕೆ ಇದರ ಹಿಂದಿತ್ತು.

ಮೋಸಹೋದ ತಂತ್ರಾಂಶ ಕಳಪೆಯೇನಲ್ಲ. ಅಮೆರಿಕದ 17 ಬಗೆಯ ಫಲಕಗಳನ್ನು ಕಲಿತಿದ್ದ ಅದು, ಪರೀಕ್ಷೆಯಲ್ಲಿ ಶೇ 91ರಷ್ಟು ಸರಿ ಉತ್ತರ ಕೊಟ್ಟಿತ್ತು. ನಿಂತಲ್ಲೇ ತೆಗೆದ ಚಿತ್ರಗಳಲ್ಲಿ ಅದು ಪ್ರತಿ ಸಲವೂ ಸ್ಟಾಪ್ ಫಲಕವನ್ನು ‘ವೇಗಮಿತಿ 45’ ಎಂದಿತು. ಚಲಿಸುವ ಕಾರಿನಿಂದ ತೆಗೆದ ವಿಡಿಯೊದ ಚೌಕಟ್ಟುಗಳಲ್ಲಿ ಶೇ 84.8ರಷ್ಟು ಸಲ ಹಾಗೆಂದಿತು.

ಎಷ್ಟು ಹೆದರಬೇಕು?

ಈ ಸಂಖ್ಯೆ ನೋಡಿ, ಸ್ಟಿಕ್ಕರ್ ಅಂಟಿಸಿದರೆ ಯಾವ ಕಾರನ್ನಾದರೂ ಕೆಡಿಸಬಹುದು ಎಂದುಕೊಂಡರೆ ತಪ್ಪಾಗುತ್ತದೆ. ಪ್ರಯೋಗದಲ್ಲಿ ಕಾರು ಸ್ವತಃ ಯಾವ ನಿರ್ಧಾರವನ್ನೂ ಕೈಗೊಳ್ಳಲಿಲ್ಲ. ವಿಡಿಯೊದಿಂದ ಫಲಕದ ಭಾಗವನ್ನು ಕತ್ತರಿಸಿ ತಂತ್ರಾಂಶಕ್ಕೆ ಕೊಡಲಾಗಿತ್ತು. ನಿಜವಾದ ಕಾರು ಮೊದಲು ದೃಶ್ಯದಲ್ಲಿ ಫಲಕ ಎಲ್ಲಿದೆ ಎಂದು ಹುಡುಕಬೇಕು, ಆಮೇಲೆ ಓದಬೇಕು. ಜೊತೆಗೆ, ದಾಳಿ ಮಾಡಿದವರಿಗೆ ತಂತ್ರಾಂಶದ ಒಳಗಿನ ಲೆಕ್ಕವೆಲ್ಲ ತಿಳಿದಿತ್ತು. ಕಾರು ಕಂಪನಿಗಳು ಅದನ್ನು ಹೊರಗೆ ಬಿಟ್ಟುಕೊಡುವುದಿಲ್ಲ.

ಆದರೆ ಅಷ್ಟಕ್ಕೇ ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. 2020ರ ಫೆಬ್ರುವರಿಯಲ್ಲಿ ಮ್ಯಾಕಫೀ ಸಂಸ್ಥೆಯ ಸಂಶೋಧಕರು ರಸ್ತೆಗಿಳಿದಿದ್ದ ಕಾರುಗಳ ಮೇಲೇ ಪ್ರಯೋಗ ಮಾಡಿದ ವಿವರ ಪ್ರಕಟಿಸಿದರು. ಅವರು ಬಳಸಿದ್ದು ವೈರಿಗೆ ಸುತ್ತುವ ಕಪ್ಪು ಟೇಪು, ಸುಮಾರು ಎರಡು ಇಂಚು. ಗಂಟೆಗೆ 35 ಮೈಲಿ ಎಂಬ ಫಲಕದಲ್ಲಿ 3ರ ನಡುವಿನ ಗೆರೆಯನ್ನು ಆ ಟೇಪಿನಿಂದ ತುಸು ಉದ್ದ ಮಾಡಿದರು. ಮೊಬಿಲ್‌ಐ ಕಂಪನಿಯ ಕ್ಯಾಮೆರಾ ವ್ಯವಸ್ಥೆಯಿದ್ದ 2016ರ ಟೆಸ್ಲಾ ಕಾರುಗಳು ಅದನ್ನು 85 ಎಂದು ಓದಿದವು. ವೇಗ ನಿಯಂತ್ರಣವನ್ನು ಕಾರಿಗೇ ಒಪ್ಪಿಸಿದ್ದಾಗ, ಗಂಟೆಗೆ 56 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ ಕಾರು 137ರ ಗುರಿ ಇಟ್ಟುಕೊಂಡು ವೇಗ ಹೆಚ್ಚಿಸತೊಡಗಿತು. ಚಾಲಕರು ಬ್ರೇಕ್ ಹಾಕಿ ನಿಲ್ಲಿಸಿದರು. ಆ ಕ್ಯಾಮೆರಾದ ಹೊಸ ಆವೃತ್ತಿ ಈ ಮೋಸಕ್ಕೆ ಬೀಳಲಿಲ್ಲ. ಇಲ್ಲಿ ಕೆಟ್ಟದ್ದು ಎರಡು ಕಡೆ: ಕ್ಯಾಮೆರಾ ತಪ್ಪಾಗಿ ಓದಿತು, ಒಮ್ಮೆಗೇ 35 ಹೋಗಿ 85 ಬಂದದ್ದು ಸಾಧ್ಯವೇ ಎಂದು ಕೇಳುವವರು ಕಾರಿನೊಳಗೆ ಯಾರೂ ಇರಲಿಲ್ಲ.

ತಂತ್ರಾಂಶವನ್ನೇ ಗಟ್ಟಿ ಮಾಡಲಾಗದೆ? ಮೋಸದ ಚಿತ್ರಗಳನ್ನೇ ತೋರಿಸಿ ಪಾಠ ಕಲಿಸುವ ವಿಧಾನವಿದೆ, ಅದರಿಂದ ಲಾಭವೂ ಇದೆ. ಆದರೆ ಸಾಮಾನ್ಯ ಚಿತ್ರಗಳಲ್ಲಿ ನಿಖರತೆ ಕುಗ್ಗುತ್ತದೆ, ಕಲಿಸದ ಬಗೆಯ ಮೋಸಕ್ಕೆ ರಕ್ಷಣೆ ಸಿಗುವುದಿಲ್ಲ. ಈ ಕ್ಷೇತ್ರದ ಅನುಭವವೂ ಎಚ್ಚರಿಕೆಯದೇ. 2018ರಲ್ಲಿ ಅನೀಶ್ ಅಥಾಲ್ಯೆ, ನಿಕೊಲಸ್ ಕಾರ್ಲಿನಿ, ಡೇವಿಡ್ ವ್ಯಾಗ್ನರ್ ಮೂವರು, ಪ್ರತಿಷ್ಠಿತ ಸಮ್ಮೇಳನವೊಂದಕ್ಕೆ ಆಯ್ಕೆಯಾಗಿದ್ದ ಒಂಬತ್ತು ರಕ್ಷಣಾ ವಿಧಾನಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಏಳು ಒಂದೇ ತೆರನ ಭ್ರಮೆಯ ಮೇಲೆ ನಿಂತಿದ್ದವು: ದಾಳಿಯ ಲೆಕ್ಕವನ್ನು ಅವು ಮಸುಕುಗೊಳಿಸಿದ್ದವೇ ಹೊರತು ದೌರ್ಬಲ್ಯವನ್ನು ಹೋಗಲಾಡಿಸಿರಲಿಲ್ಲ. ಆರು ಪೂರ್ತಿಯಾಗಿ, ಒಂದು ಭಾಗಶಃ ಮುರಿದುಬಿದ್ದವು.

ಹಾಗಾಗಿ ಫಲಕ ಓದುವ ತಂತ್ರಾಂಶ ಕೆಲವೊಮ್ಮೆ ಮೋಸಹೋಗುತ್ತದೆ ಎಂದು ಒಪ್ಪಿಕೊಂಡೇ ಕಾರನ್ನು ಕಟ್ಟಬೇಕು. ನಮ್ಮ ಸ್ಟಾಪ್ ಫಲಕಕ್ಕೆ ಮರಳಿದರೆ, ಕಾರಿನ ಬಳಿ ಬೇರೆ ಸಾಕ್ಷಿಗಳಿವೆ. ಫಲಕಕ್ಕೆ ಎಂಟು ಮೂಲೆಗಳಿವೆ. ಅಮೆರಿಕದ ವೇಗಮಿತಿ ಫಲಕಕ್ಕೆ ನಾಲ್ಕೇ. ಈ ಕೂಡುರಸ್ತೆಯಲ್ಲಿ ನಿಲ್ಲಬೇಕೆಂದು ನಕ್ಷೆಯಲ್ಲಿ ದಾಖಲಾಗಿರಬಹುದು. ಅಡ್ಡರಸ್ತೆಯ ವಾಹನ ರೇಡಾರ್‌ಗೆ ಕಾಣುತ್ತದೆ. ಒಂದು ಸ್ಟಿಕ್ಕರ್ ಇವೆಲ್ಲವನ್ನೂ ಒಟ್ಟಿಗೆ ಮೋಸಗೊಳಿಸುವುದು ಬಲುಕಷ್ಟ.

ಆದರೆ ಸಾಕ್ಷಿಗಳು ಒಂದೊಂದು ಬಗೆ ಹೇಳಿದಾಗ ಯಾರ ಮಾತು ಕೇಳಬೇಕು? ಆ ವಿಡಿಯೊದಲ್ಲಿ ಉಳಿದ ಶೇ 15ರಷ್ಟು ಚೌಕಟ್ಟುಗಳಲ್ಲಿ ತಂತ್ರಾಂಶ ‘45’ ಎನ್ನಲಿಲ್ಲ. ಬಹುಮತದ ಲೆಕ್ಕ ಹಿಡಿದರೆ ಕಾರು ನಿಲ್ಲದೆ ಹೋಗುತ್ತದೆ. ಅನುಮಾನ ಬಂದೊಡನೆ ವೇಗ ತಗ್ಗಿಸು ಎಂಬ ನಿಯಮವಿದ್ದರೆ ಬಚಾವಾಗುತ್ತದೆ. ಆದರೆ ಅದೇ ನಿಯಮ ಹೆದ್ದಾರಿಯಲ್ಲಿ ಸುಮ್ಮಸುಮ್ಮನೆ ಬ್ರೇಕ್ ಹಾಕಿಸಿ, ಹಿಂದಿನ ಲಾರಿ ಬಂದು ಗುದ್ದುವಂತೆ ಮಾಡಬಹುದು. ಕಾರಿನ ಸುರಕ್ಷತೆ ನಿರ್ಧಾರವಾಗುವುದು ಬಹುಪಾಲು ಈ ತೂಗಾಟದಲ್ಲೇ. ಇದನ್ನು ಹೇಗೆ ಬಗೆಹರಿಸಿದ್ದಾರೆ ಎಂಬುದು ಖರೀದಿಸುವವರಿಗೆ ಕಾಣುವ ಜಾಹೀರಾತಿನಲ್ಲಿ ಇರುವುದಿಲ್ಲ.

ಶೇ 91, ಶೇ 99 ಎಂಬ ಅಂಕಗಳು ಸಾಮಾನ್ಯ ದಿನದ ಸರಾಸರಿಯನ್ನು ಹೇಳುತ್ತವೆ. ಬೇಕೆಂದೇ ಕೆಡಿಸಲು ಬಂದವನ ಮುಂದೆ ಕಾರು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಬೇರೆಯದೇ ಪರೀಕ್ಷೆ ಬೇಕು. ತಿದ್ದಿದ ಫಲಕ, ಗೀಚಿದ ಫಲಕ, ಅರ್ಧ ಪೋಸ್ಟರ್ ಮುಚ್ಚಿದ ಫಲಕಗಳ ಮುಂದೆ ಓಡಿಸಿ ನೋಡದ ಕಾರಿಗೆ ಚಾಲಕನಿಲ್ಲದೆ ರಸ್ತೆಗಿಳಿಯಲು ಪರವಾನಗಿ ಕೊಡಬಾರದು. ಚಾಲಕನಿಗೆ ನೆರವಾಗುವ ಇಂಥ ಕ್ಯಾಮೆರಾ ಸೌಲಭ್ಯಗಳಿರುವ ಕಾರುಗಳು ಈಗ ಭಾರತದಲ್ಲೂ ಮಾರಾಟವಾಗುತ್ತಿವೆ. ಅಂಥ ಕಾರು ಕೊಂಡವರು ಪರದೆಯ ಮೇಲೆ ಮೂಡುವ ವೇಗಮಿತಿಯನ್ನು ಸಲಹೆ ಎಂದಷ್ಟೇ ತಿಳಿಯಿರಿ. ಫಲಕವನ್ನು ನೀವೇ ಓದಿ, ಕಾಲು ಬ್ರೇಕಿನ ಹತ್ತಿರವೇ ಇರಲಿ.