ಶುಗರ್ ಮಾತ್ರೆಯ ಜೊತೆ ಬರ್ಬರಿನ್ ಸೇರಿದಾಗ

ದಾಲ್ಚಿನ್ನಿ ಪುಡಿ, ಕ್ರೋಮಿಯಂ ಮಾತ್ರೆ, ಬರ್ಬರಿನ್ ಕ್ಯಾಪ್ಸೂಲ್ ಮೂರೂ ಶುಗರ್ ಇಳಿಸುತ್ತವೆಂಬ ಹೆಸರಿನಲ್ಲಿ ಡಾಕ್ಟರ ಚೀಟಿಯಿಲ್ಲದೆ ಸಿಗುತ್ತವೆ. ದಾಲ್ಚಿನ್ನಿಯ ಪ್ರಯೋಗಗಳನ್ನೆಲ್ಲ 2012ರಲ್ಲಿ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆಗೆ, ಮಧುಮೇಹಕ್ಕೆ ಅದನ್ನು ಶಿಫಾರಸು ಮಾಡುವಷ್ಟು ಆಧಾರ ಸಿಗಲಿಲ್ಲ. ಕ್ರೋಮಿಯಂ ಒಂದು ಪ್ರಯೋಗದಲ್ಲಿ ಕೆಲಸ ಮಾಡಿದರೆ ಇನ್ನೊಂದರಲ್ಲಿ ಮಾಡುವುದಿಲ್ಲ. ಬರ್ಬರಿನ್ ಹಾಗಲ್ಲ. ನಮ್ಮ ಮರದರಿಶಿನದ ಕಾಂಡದಲ್ಲೂ ಇರುವ ಈ ಹಳದಿ ವಸ್ತುವನ್ನು 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಹೊತ್ತು ಕೊಟ್ಟಾಗ ಶುಗರ್ ಹೆಚ್ಚುಕಡಿಮೆ ಮೆಟ್‌ಫಾರ್ಮಿನ್‌ನಷ್ಟೇ ಇಳಿಯಿತೆಂದು 2008ರಲ್ಲಿ ಚೀನಾದ ಪುಟ್ಟ ಪ್ರಯೋಗವೊಂದು ಹೇಳಿತು. ನನಗೆ ಭಯವಿರುವುದೂ ಅದರ ಈ ಬಲದ ಬಗ್ಗೆಯೇ.

ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಲೋ ಶುಗರ್ ಆಗುವುದು ಅಪರೂಪ. ಗ್ಲಿಮೆಪಿರೈಡ್ ನುಂಗುವವರ ಕಥೆ ಬೇರೆ. ಊಟ ಮಾಡಿರಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಈ ಮಾತ್ರೆಯನ್ನು ಕರಗಿಸಿ ಮುಗಿಸುವುದು ಯಕೃತ್ತಿನ ಒಂದು ಕಿಣ್ವ. ಬರ್ಬರಿನ್ ಅದೇ ಕಿಣ್ವವನ್ನು ನಿಧಾನ ಮಾಡಬಲ್ಲದು. ಹಾಗಾದರೆ ತಾನೂ ಶುಗರ್ ಇಳಿಸುತ್ತ, ಮಾತ್ರೆಯನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಿದಂತೆ.

ಅರವತ್ತು ದಾಟಿದ ಒಬ್ಬರನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಸೇರಿದ ಒಂದೇ ಮಾತ್ರೆ. ಶುಗರ್ ಹತೋಟಿಯಲ್ಲೇ ಇದೆ. ಯಾರೋ ಹೇಳಿದರೆಂದು ಬರ್ಬರಿನ್ ಶುರು ಮಾಡುತ್ತಾರೆ. ಕೆಲವು ದಿನ ಬಿಟ್ಟು ಒಂದು ಮದುವೆ ಮನೆ, ಊಟದ ಪಂಕ್ತಿ ತಡ. ಬೆವರು, ಕೈ ನಡುಕ, ಎದೆ ಢವಢವ, ಮಾತು ತಡವರಿಕೆ. ಸುತ್ತಲಿನವರು ಬಿಪಿ ಇರಬೇಕೆಂದು ಮಲಗಿಸುತ್ತಾರೆ. ಗ್ಲೂಕೋಮೀಟರ್ ಇದ್ದಿದ್ದರೆ 58 ತೋರಿಸುತ್ತಿತ್ತು; 70ಕ್ಕಿಂತ ಕೆಳಗಿಳಿದರೆ ಲೋ ಶುಗರ್.

ಎಚ್ಚರವಿದ್ದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಇಲ್ಲಿ ಸಕ್ಕರೆ ನೀರನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ವೋಗ್ಲಿಬೋಸ್ ತಡೆಯುತ್ತದೆ. ಈ ಮಾತು ಮಾತ್ರೆ ನುಂಗುವ ಎಷ್ಟೋ ಜನರ ಕಿವಿಗೇ ಬಿದ್ದಿರುವುದಿಲ್ಲ. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ, ಇನ್ನೂ 70 ದಾಟದಿದ್ದರೆ ಮತ್ತಷ್ಟು ಗ್ಲೂಕೋಸ್, ದಾಟಿದರೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ.

ಒಮ್ಮೆ ಚೇತರಿಸಿಕೊಂಡರೆಂದು ಬಿಡುವ ಹಾಗಿಲ್ಲ. ಗ್ಲಿಮೆಪಿರೈಡ್ ಇಡೀ ದಿನ ಕೆಲಸ ಮಾಡುವ ಮಾತ್ರೆ. ಸಂಜೆಗೋ ನಡುರಾತ್ರಿಗೋ ಶುಗರ್ ಮತ್ತೆ ಕುಸಿಯಬಹುದು. ಕಿಡ್ನಿ ದುರ್ಬಲವಿದ್ದವರಲ್ಲಿ ಇನ್ನೂ ಹೆಚ್ಚು. ಅದಕ್ಕೇ ಅಂದೇ ಡಾಕ್ಟರನ್ನು ಕಾಣಬೇಕು, ಹೋಗುವಾಗ ಬರ್ಬರಿನ್ ಡಬ್ಬಿಯನ್ನೂ ಒಯ್ಯಬೇಕು. ಅದು ಕಾಣದಿದ್ದರೆ ಅವರು ಶುಗರ್ ಮಾತ್ರೆಯ ಪ್ರಮಾಣವನ್ನಷ್ಟೇ ಇಳಿಸಿ ಕಳಿಸಬಹುದು. ಮುಂದೆ ಬರ್ಬರಿನ್ ಬಿಟ್ಟ ದಿನ ಶುಗರ್ ಏರತೊಡಗುತ್ತದೆ.